ಎಡಮೂಲೆಯ ನೆರಳು

ಅತ್ತಿಗುಪ್ಪೆಯ ಸ್ಟುಡಿಯೋದಲ್ಲಿ ದಿನವಿಡೀ ಮದುವೆ ಆಲ್ಬಮ್ ಮಾಡೋದು ನನ್ನ ಕೆಲಸ. ಒಂದು ವಾರದಿಂದ ಎಡಗಣ್ಣಿನ ಅಂಚಲ್ಲಿ ಮಿಂಚು ಹೊಡೆದ ಹಾಗೆ ಆಗ್ತಿತ್ತು. ಸ್ಕ್ರೀನ್ ನೋಡಿ ನೋಡಿ ಕಣ್ಣು ದಣಿದಿದೆ ಅಂದುಕೊಂಡು, ನೀಲಿ ಬೆಳಕು ತಡೆಯೋ ಆ್ಯಪ್ ಹಾಕಿಕೊಂಡೆ. ಸ್ಕ್ರೀನೆಲ್ಲ ಅರಿಶಿನ ಬಳಿದ ಹಾಗಾಯ್ತು. ಹಿತ ಅನ್ನಿಸಿತು. ಡಾಕ್ಟರ ಹತ್ರ ಹೋಗೋ ಯೋಚನೆ ಬಿಟ್ಟೆ.

ಇವತ್ತು ಮದುಮಗಳ ಮುಖದ ಬಣ್ಣ ಸರಿ ಮಾಡೋಕೆ ಕೂತೆ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲೇ ಫೋಟೋ ನೋಡೋದು ಕ್ಯಾಮೆರಾ ಹಿಡಿದಾಗಿನಿಂದ ಬಂದ ಚಾಳಿ. ಹಾಗೆ ನೋಡಿದರೆ ಸ್ಕ್ರೀನಿನ ಎಡಮೂಲೆಯಲ್ಲಿ ಕಪ್ಪು ನೆರಳು! ಆ್ಯಪ್ ಆಫ್ ಮಾಡಿದೆ. ಹಳದಿ ಹೋಯ್ತು, ನೆರಳು ಹೋಗಲಿಲ್ಲ.

"ದರಿದ್ರ ಆ್ಯಪ್!" ಅಂತ ಬೈದು ಅದನ್ನೇ ಕಿತ್ತುಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ನೆರಳು ಇನ್ನಷ್ಟು ಅಗಲವಾಗಿತ್ತು.

ಪಕ್ಕದ ಸೀಟಿನ ಸ್ಪಂದನಳಿಗೆ ಆ ನೆರಳು ತೋರಿಸಿದೆ. ಅವಳು ಬಗ್ಗಿ ನೋಡಿದಳು. "ಯಾವ ನೆರಳು ಮಧು? ಸ್ಕ್ರೀನ್ ಕ್ಲೀನಾಗಿದೆಯಲ್ಲೋ."

"ಸರಿಯಾಗಿ ಕಣ್ಣು ಬಿಟ್ಟು ನೋಡೇ!" ಅಂತ ರೇಗಿ ಅವಳ ಕಡೆ ತಿರುಗಿದೆ. ನನ್ನ ಬಲಗಣ್ಣು ಇನ್ನೂ ಮುಚ್ಚೇ ಇತ್ತು.

ಅವಳಿಗೆ ಅರ್ಧ ಮುಖವೇ ಇರಲಿಲ್ಲ; ಅಲ್ಲೂ ಅದೇ ಕಪ್ಪು ನೆರಳು.