ಸಂಕ ಉಂಟು

ನನ್ನ ಹೆಂಡತಿ ಸಿಸಿಲಿಯಾ ಉಡುಪಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲಿ, ಯಾಕೆಂದರೆ ಅದರಲ್ಲಿ ಅವಳಿಗೆ ವ್ಯಾಕರಣದ ಬಲ ಇದೆ. ನಾನು ಬೊಂಬಾಯಿಯಿಂದ ಹೊರಡುವ ಹಡಗುಗಳಲ್ಲಿ ಅಡುಗೆಯವನಾಗಿದ್ದೆ. ನನಗೆ ಯಾವ ಭಾಷೆಯಲ್ಲಿಯೂ ವ್ಯಾಕರಣ ಇಲ್ಲ, ಆದರೆ ಏಳು ಭಾಷೆಯಲ್ಲಿ ಬೈಯಲು ಬರುತ್ತದೆ.

ಊರಿಗೆ ಬಂದ ಮೇಲೆ ನನಗೆ ಪಾರ್ಶ್ವವಾಯು ಬಡಿಯಿತು. ಎಡಗಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತು. ನಾವು ಬಾಡಿಗೆಗಿದ್ದದ್ದು ಉಡುಪಿಯಲ್ಲಿ ಒಂದು ಅಂಗಡಿಯ ಮಾಳಿಗೆಯಲ್ಲಿ. ಕಡಿದಾದ ಮರದ ಮೆಟ್ಟಿಲು, ಹಿಡಿಯಲು ಒಂದು ಹಗ್ಗ. ನಾನು ಹೊರಗೆ ಹೋಗಬೇಕಾದರೆ ಅಂಗಡಿಯ ನಾಲ್ಕು ಜನ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕು. ಬಹಳ ಪ್ರೀತಿಯಿಂದಲೇ ಇಳಿಸುತ್ತಿದ್ದರು. ಆದರೆ ಬದುಕಿರುವಾಗಲೇ ನಾಲ್ಕು ಜನರ ಹೆಗಲ ಮೇಲೆ ಹೋಗುವುದು ನನಗೆ ಸರಿಬರಲಿಲ್ಲ. ಎರಡು ವರ್ಷದಲ್ಲಿ ಇಗರ್ಜಿಗೆ ಹೋದದ್ದು ಕ್ರಿಸ್ಮಸ್ಸಿಗೆ ಮತ್ತು ಈಸ್ಟರಿಗೆ ಮಾತ್ರ. ಉಳಿದ ದಿನಗಳಲ್ಲಿ ಕಿಟಕಿಯಲ್ಲಿ ಕೂತು ಕೆಳಗೆ ಹೋಗುವವರ ತಲೆ ನೋಡುತ್ತಿದ್ದೆ. ಉಡುಪಿಯಲ್ಲಿ ಯಾರಿಗೆ ನೆತ್ತಿ ಬೋಳಾಗುತ್ತಿದೆ ಎಂಬುದು ನನಗೆ ಅವರ ಹೆಂಡಂದಿರಿಗಿಂತ ಮೊದಲೇ ಗೊತ್ತಾಗುತ್ತಿತ್ತು.

ಅರುವತ್ತೇಳನೆಯ ಇಸವಿಯಲ್ಲಿ, ಬೊಂಬಾಯಿಯಲ್ಲಿ ಪಳಗಿದ ಒಬ್ಬ ಬಿಲ್ಡರ್ ಮಣಿಪಾಲದ ಇಳಿಜಾರಿನಲ್ಲಿ ಫ್ಲಾಟು ಕಟ್ಟಿಸತೊಡಗಿದ. ಒಂದೇ ಕಟ್ಟಡ, ಕೆಳಗೆ ಎರಡು ಮನೆ, ಮೇಲೆ ಎರಡು ಮನೆ. ಆಗ ಇಲ್ಲಿಯವರಿಗೆ ಫ್ಲಾಟು ಎಂದರೆ ಅರ್ಥವಾಗುತ್ತಿರಲಿಲ್ಲ. ಭೂಮಿ ಇಲ್ಲದ ಮನೆ ಎಂದರೆ ಬಾವಿ ಇಲ್ಲದ ಕೊಡಪಾನ ಎಂದು ಸಿಸಿಲಿಯಾಳ ಅಣ್ಣ ಆಲ್ಫೋನ್ಸ್ ನಕ್ಕ. ನಾನು ನಗಲಿಲ್ಲ. ಕೆಳಗಿನ ಮನೆಗಳಿಗೆ ಕೆಳಗಿನ ರಸ್ತೆಯಿಂದ ದಾರಿ. ಮೇಲಿನ ಮನೆಗಳ ಬಾಗಿಲು ಮಾತ್ರ ಗುಡ್ಡದ ಮೇಲಿನ ರಸ್ತೆಯ ಮಟ್ಟಕ್ಕೇ ಸಮವಾಗಿ ಬರುತ್ತಿತ್ತು. ರಸ್ತೆಗೂ ಬಾಗಿಲಿಗೂ ನಡುವೆ ಆಳೆತ್ತರದ ಕಂದಕ. ಅದರ ಮೇಲೊಂದು ಸಣ್ಣ ಸೇತುವೆ ಆದರೆ ಮುಗಿಯಿತು. ಒಂದು ಮೆಟ್ಟಿಲೂ ಇಲ್ಲ. ನನಗೆ ಬೇಕಾದದ್ದು ಅಷ್ಟೇ. ಅಡುಗೆಮನೆ ಎಷ್ಟು ದೊಡ್ಡದು ಎಂದು ಸಹ ನಾನು ಕೇಳಲಿಲ್ಲ, ಅಡುಗೆಯವನಾಗಿಯೂ.

ಬಿಲ್ಡರನ ಪರವಾಗಿ ಬರುತ್ತಿದ್ದವನು ಶೇಖರ. ಎಲ್ಲೂರಿನ ಹುಡುಗ, ಸಿಸಿಲಿಯಾಳ ಹಳೆಯ ವಿದ್ಯಾರ್ಥಿ. ಕರಾರುಪತ್ರದ ಕರಡು ಅವನೇ ತಂದಿದ್ದ. ಅದರಲ್ಲಿ ‘ಮೇಲಿನ ರಸ್ತೆಯಿಂದ ಬಾಗಿಲಿಗೆ ಆರ್.ಸಿ.ಸಿ. ಸ್ಲ್ಯಾಬ್ ಬ್ರಿಡ್ಜ್’ ಎಂದಿತ್ತು. ಸಿಸಿಲಿಯಾ ಕೆಂಪು ಪೆನ್ನು ತೆಗೆದಳು. ನಿವೃತ್ತಿಯಾದರೂ ಆ ಪೆನ್ನಿಗೆ ನಿವೃತ್ತಿ ಆಗಿರಲಿಲ್ಲ.

“ಇದೆಂತ ಶೇಖರ, ಕನ್ನಡದ ಪತ್ರದಲ್ಲಿ? ನಮ್ಮಲ್ಲಿ ಇದಕ್ಕೆ ಚಂದದ ಶಬ್ದ ಉಂಟಲ್ವಾ?” ಎಂದು ಅಷ್ಟನ್ನೂ ಹೊಡೆದು ಹಾಕಿ ‘ಸಂಕ’ ಎಂದು ಬರೆದಳು.

“ಸರಿ ಟೀಚರ್,” ಎಂದ ಶೇಖರ. ಕರಾರು ಹಾಗೆಯೇ ಆಯಿತು.

ಮಳೆಗಾಲ ಕಳೆದ ಮೇಲೆ ಅವನು ಮನೆ ತೋರಿಸಿ ವಹಿಸಿಕೊಡುವ ದಿನ ನಿಶ್ಚಯಿಸಲು ಬಂದ. ಸಿಸಿಲಿಯಾ ಅವನನ್ನು ಕೂರಿಸಿ ಕಾಫಿ ಕೊಟ್ಟು ಪರೀಕ್ಷೆ ತೆಗೆದುಕೊಂಡಳು.

“ನಾವು ಬರುವ ದಿನ ಟ್ಯಾಂಕಿಯಲ್ಲಿ ನೀರು ಇರಬೇಕು. ನಳ್ಳಿ ಬಿಟ್ಟು ನೋಡದೆ ನಾನು ಸಹಿ ಹಾಕುವುದಿಲ್ಲ.”

“ಪಂಪು ಬಿಡಿಸಿ ಇಡುತ್ತೇನೆ ಟೀಚರ್.”

“ಕರೆಂಟು?”

“ಮೀಟರ್ ಕೂತಿದೆ. ನಿಮ್ಮ ಹೆಸರಿಗೆ ಮಾಡುವ ಅರ್ಜಿ ತರುತ್ತೇನೆ.”

“ಕೀಲಿಕೈ ಯಾರ ಹತ್ತಿರ ಉಂಟು?”

“ನನ್ನ ಹತ್ತಿರವೇ. ಶನಿವಾರ ಬೆಳಿಗ್ಗೆ ಬನ್ನಿ, ಬಿಸಿಲು ಏರುವ ಮೊದಲು. ಟ್ಯಾಕ್ಸಿ ಕೆಳಗಿನ ರಸ್ತೆಗೆ ಬೇಡ, ಅಲ್ಲಿ ಜಲ್ಲಿ ರಾಶಿ ಹಾಕಿದ್ದಾರೆ. ಮೇಲಿನ ರಸ್ತೆಗೆ ಬರಲಿ, ನಾನು ಅಲ್ಲೇ ನಿಂತಿರುತ್ತೇನೆ.”

“ಸಂಕ ಆಗಿದೆಯಾ?” ಎಂದು ನಾನು ಕೇಳಿದೆ. ಅಷ್ಟು ಹೊತ್ತಿನಲ್ಲಿ ನಾನು ಬಾಯಿ ಬಿಟ್ಟದ್ದು ಅದೊಂದಕ್ಕೆ.

“ಉಂಟು ಉಂಟು. ಮೇಸ್ತ್ರಿ ಮೊನ್ನೆಯೇ ಹಾಕಿದ.”

ಆ ರಾತ್ರಿ ನನಗೆ ಖುಷಿಯಿಂದ ನಿದ್ದೆ ಬರಲಿಲ್ಲ. ಹೇಳಲು ನಾಚಿಕೆ ಏನಿಲ್ಲ.

ಶನಿವಾರ ನಾಲ್ಕು ಜನ ನನ್ನನ್ನು ಇಳಿಸಿದರು. ಇದು ಕೊನೆಯ ಸಲ ಎಂದು ಅವರಿಗೆ ಹೇಳಿದೆ. ಅವರಿಗೂ ಬೇಜಾರಾದಂತೆ ಕಾಣಲಿಲ್ಲ. ಟ್ಯಾಕ್ಸಿ ಮಣಿಪಾಲದ ಏರು ಹತ್ತಿ ಮೇಲಿನ ರಸ್ತೆಯಲ್ಲಿ ನಿಂತಿತು. ಶೇಖರ ಒಂದು ಕೈಯಲ್ಲಿ ಕೀಲಿಕೈ, ಇನ್ನೊಂದರಲ್ಲಿ ಟೈಪು ಮಾಡಿಸಿದ ಪಟ್ಟಿ ಹಿಡಿದು ನಿಂತಿದ್ದ. ಕಂದಕದ ಆಚೆ ನಮ್ಮ ಮನೆ, ಹಸಿರು ಬಣ್ಣದ ಬಾಗಿಲು. ಕಂದಕದ ಮೇಲೆ ಸಂಕ.

ಸಂಕ ಎಂದರೆ ಎರಡು ತೆಂಗಿನ ಕಾಂಡ. ಜೋಡಿಸಿ ಹೊಸ ಹುರಿಹಗ್ಗದಿಂದ ಬಿಗಿದು ಕಟ್ಟಿತ್ತು. ಹಿಡಿಯಲು ಒಂದು ಬಿದಿರು ಸಹ ಇತ್ತು.

“ಹಳೆಯ ತೆಂಗು, ಒಳ್ಳೆ ಬಲಿತದ್ದು,” ಎಂದ ಶೇಖರ. “ಮೇಸ್ತ್ರಿ ಇದಕ್ಕಾಗಿ ಕಾಪುವಿನಿಂದ ಮರ ತರಿಸಿದ.”

ಸಿಸಿಲಿಯಾ ಸಂಕವನ್ನು ನೋಡಿದಳು. ನಾನು ಸಿಸಿಲಿಯಾಳನ್ನು ನೋಡಿದೆ.

“ಇದೆಂತ ಇದು?”

“ಸಂಕ, ಟೀಚರ್.”

“ಇದು ಸಂಕವಾ?”

ಶೇಖರ ಕೈಕಟ್ಟಿ ನಿಂತ. ಏಳನೆಯ ಕ್ಲಾಸಿನ ಮುಖ ತಾನಾಗಿಯೇ ಬಂದುಬಿಟ್ಟಿತು. “ನೀವೇ ಬರೆಸಿದ್ದು ಟೀಚರ್. ಕ್ಲಾಸಿನಲ್ಲಿ, ಪದಗಳ ಅರ್ಥದಲ್ಲಿ. ಸಂಕ ಅಂದರೆ ಹಳ್ಳ ತೋಡು ದಾಟಲು ಹಾಕುವ ಮರದ ಕಾಲುಸೇತುವೆ. ಬ್ರಿಡ್ಜ್ ಅಂತ ಬರೆದದ್ದಕ್ಕೆ ನನಗೆ ಸೊನ್ನೆ ಕೊಟ್ಟಿದ್ದಿರಿ.”

ನಮ್ಮ ಮದುವೆಯಾಗಿ ಬಹಳ ವರ್ಷವಾಗಿದೆ. ಸಿಸಿಲಿಯಾಳ ಪಾಠ ಅವಳಿಗೇ ತಿರುಗಿಬಿದ್ದದ್ದನ್ನು ನಾನು ನೋಡಿದ್ದು ಅವತ್ತೇ. ಬೇರೆ ದಿನವಾಗಿದ್ದರೆ ನಾನು ಸಿಹಿ ಹಂಚುತ್ತಿದ್ದೆ.

ಅವಳು ಶೇಖರನ ಕೈಯಿಂದ ಕೀಲಿಕೈ ತೆಗೆದುಕೊಂಡು, ಸೆರಗು ಸಿಕ್ಕಿಸಿ ಕಾಂಡದ ಮೇಲೆ ಸಲೀಸಾಗಿ ದಾಟಿ ಹೋದಳು. ಕಾರ್ಕಳದ ಕಡೆಯ ಹಳ್ಳಿಯಲ್ಲಿ ಬೆಳೆದವಳು, ಇಂಥ ಸಂಕ ದಾಟಿಯೇ ಶಾಲೆಗೆ ಹೋದವಳು. ನಾನು ಟ್ಯಾಕ್ಸಿಯ ಬಾಗಿಲು ಹಿಡಿದು ರಸ್ತೆಯಲ್ಲೇ ಉಳಿದೆ. ಅವಳು ಒಳಗಿನಿಂದ ಕೂಗಿ ಹೇಳುವುದು, ಶೇಖರ ಈಚೆ ನಿಂತು ಬರೆಯುವುದು. ಅವನ ಪಟ್ಟಿಯಲ್ಲಿ ಎರಡೇ ಕಾಲಮು: ಉಂಟು, ಇಲ್ಲ.

“ಅಡುಗೆಮನೆಯ ನಳ್ಳಿ!”

“ಉಂಟು,” ಎಂದು ಶೇಖರ ಗುರುತು ಹಾಕಿದ.

“ನಳ್ಳಿ ಉಂಟು ಮಾರಾಯ, ನೀರು ಬರುವುದಿಲ್ಲ! ಬಚ್ಚಲಿನ ನಳ್ಳಿಯಲ್ಲಿ ಬರುತ್ತದೆ. ಒಂದು ಬಾಲ್ದಿ ಚೆಲ್ಲಿ ನೋಡಿದೆ, ತೂತಿನ ಕಡೆಗೆ ಹೋಗುವ ಬದಲು ಹಾಲಿಗೆ ಬರುತ್ತದೆ! ಕಿಟಕಿಗೆ ಕೊಂಡಿ ಉಂಟು, ತಾಗುವುದಿಲ್ಲ! ಇನ್ನೊಂದು ಕಾಲಮು ಹಾಕು. ‘ನಡೆಯುತ್ತದೆ’ ಅಂತ ಬರೆ!”

ಶೇಖರ ಸ್ಕೇಲು ಇಲ್ಲದೆ ಗೆರೆ ಎಳೆದ. ಗೆರೆ ಓರೆಯಾಯಿತು. ‘ನಡೆಯುತ್ತದೆ’ ಎಂದು ತಲೆಬರಹ ಕೊಟ್ಟ. ಬಲ್ಬುಗಳು ನಡೆದವು. ಫ್ಲಶ್ಶು ನಡೆಯಿತು. ಬಚ್ಚಲಿನ ನೆಲ ನಡೆಯಲಿಲ್ಲ. ಕಡೆಯ ಸಾಲಿನಲ್ಲಿ ‘ಸಂಕ’ ಎಂದಿತ್ತು. ಅವನು ‘ಉಂಟು’ ಎಂಬಲ್ಲಿ ಗುರುತು ಹಾಕಿ, ಮೂರನೆಯ ಕಾಲಮಿನ ಮುಂದೆ ಪೆನ್ನು ನಿಲ್ಲಿಸಿದ.

“ಕರಾರಿನ ಪ್ರಕಾರ ಸರಿ ಉಂಟು, ಪಾಸ್ಕಲಣ್ಣ,” ಎಂದ ನನ್ನ ಕಡೆ ತಿರುಗಿ, ಮೆಲ್ಲಗೆ. ಅವನಿಗೂ ಒಳಗೆ ಸಂಕಟ. “ಈಗ ಸ್ಲ್ಯಾಬ್ ಅಂದರೆ ಯಜಮಾನರು ಒಪ್ಪುವುದಿಲ್ಲ. ಟೀಚರ್ ದಾಟಿದರಲ್ಲ?”

ನನಗೆ ಸಿಟ್ಟು ಬಂತು. ಅವನ ಮೇಲೆ ಅಲ್ಲ, ಮೇಸ್ತ್ರಿಯ ಮೇಲೆ ಅಲ್ಲ, ಸಿಸಿಲಿಯಾಳ ಮೇಲೆ ಸಹ ಅಲ್ಲ. ಆ ಹಸಿರು ಬಾಗಿಲು ಅಷ್ಟು ಹತ್ತಿರ ಇತ್ತು. ಸಂಜೆ ಮತ್ತೆ ಆ ನಾಲ್ಕು ಜನ, ಆ ಕುರ್ಚಿ, ಆ ನೆತ್ತಿಗಳು.

“ನಳ್ಳಿಯನ್ನು ಹೇಗೆ ನೋಡಿದ್ದು?” ಎಂದು ಕೇಳಿದೆ.

“ಬಿಟ್ಟು ನೋಡಿದ್ದು.”

“ಬಲ್ಬು?”

“ಹಾಕಿ ನೋಡಿದ್ದು.”

“ಹಾಗಾದರೆ ಸಂಕವನ್ನು ನಡೆದು ನೋಡಬೇಕು. ನಡೆಯಬೇಕಾದವನು ನಾನು,” ಎಂದು ಹೇಳಿ ದೊಣ್ಣೆ ಊರಿದೆ.

ಹಡಗಿನಿಂದ ಇಳಿಯುವ ಹಲಗೆಯ ಮೇಲೆ ಅಕ್ಕಿಮೂಟೆ ಹೊತ್ತು ನಡೆದ ಮನುಷ್ಯ ನಾನು. ಬಲಗಾಲು ಇಟ್ಟೆ, ನಿಂತಿತು. ಎಡಗಾಲನ್ನು ಎಳೆದುಕೊಂಡೆ, ಅದು ಬೇರೆ ಯಾರದೋ ಕಾಲಿನಂತೆ ಬಂತು. ದೊಣ್ಣೆಯ ತುದಿ ಎರಡು ಕಾಂಡಗಳ ನಡುವಿನ ಸಂದಿಗೆ ಇಳಿದು ಕಚ್ಚಿಕೊಂಡಿತು. ಎಳೆದೆ, ಬರಲಿಲ್ಲ. ಬಿದಿರು ಹಿಡಿದೆ, ಅದು ಬಾಗಿತು. ಕೆಳಗೆ ಕಂದಕದಲ್ಲಿ ಒಡೆದ ಹಂಚು ಕಾಣುತ್ತಿತ್ತು. ಆಚೆಯ ಬಾಗಿಲಲ್ಲಿ ಸಿಸಿಲಿಯಾ ಬಂದು ನಿಂತಳು. ಬಾಯಿಗೆ ಸೆರಗು ಒತ್ತಿಕೊಂಡಳು. ಆಗ ನನಗೆ ಹೆದರಿಕೆಯಾಯಿತು.

ಶೇಖರ ಹಿಂದಿನಿಂದ ನನ್ನ ಸೊಂಟ ತಬ್ಬಿ ಹಿಡಿದ. ಹಾಗೆಯೇ ಹಿಂದಕ್ಕೆ ಎಳೆದು ರಸ್ತೆಗೆ ತಂದು ಕೂರಿಸಿದ. ಪಟ್ಟಿ ಗಾಳಿಗೆ ಹಾರಿ ಟ್ಯಾಕ್ಸಿಯ ಅಡಿಗೆ ಹೋಗಿತ್ತು. ಅದನ್ನು ಹುಡುಕಿ ತಂದ. ‘ಸಂಕ’ದ ಮುಂದಿನ ‘ಉಂಟು’ ಗುರುತನ್ನು ಹೊಡೆದು ಹಾಕಿ ‘ಇಲ್ಲ’ ಎಂಬಲ್ಲಿ ಗುರುತು ಮಾಡಿ, ಪಕ್ಕದಲ್ಲಿ ತನ್ನ ಸಹಿ ಹಾಕಿದ.

“ಯಜಮಾನರು ಕೇಳಿದರೆ?” ಎಂದೆ.

“ನಾನು ನೋಡಿದ್ದನ್ನು ಹೇಳುತ್ತೇನೆ. ನಿಮಗೆ ಸಂಕ ಇಲ್ಲ.”

ಸಿಸಿಲಿಯಾ ಈಚೆ ದಾಟಿ ಬಂದಳು. ಅಲ್ಲಿಯವರೆಗೆ ‘ನೀನು’ ಎನ್ನುತ್ತಿದ್ದವಳು, “ನಿಮ್ಮ ಪೆನ್ನು ಕೊಡಿ ಶೇಖರ,” ಎಂದಳು. ಪಟ್ಟಿಯ ಅಡಿಯಲ್ಲಿ ತನ್ನ ದುಂಡಗಿನ ಅಕ್ಷರದಲ್ಲಿ ‘ಆರ್.ಸಿ.ಸಿ. ಸ್ಲ್ಯಾಬ್ ಬ್ರಿಡ್ಜ್, ಎರಡು ಕಡೆ ಹಿಡಿಯಲು ಕಬ್ಬಿಣದ ಕಂಬಿ’ ಎಂದು ಬರೆದಳು. ‘ಸ್ಲ್ಯಾಬ್’ ಬರೆಯುವಾಗ ಅವಳ ಮುಖ ಕಷಾಯ ಕುಡಿದವರ ಹಾಗಿತ್ತು. ನನಗಾಗಿ ಅವಳು ಮಾಡಿದ ತ್ಯಾಗಗಳಲ್ಲಿ ಅದೇ ದೊಡ್ಡದು ಎಂದು ನಾನು ಈಗಲೂ ಹೇಳುತ್ತೇನೆ.

ಯಜಮಾನರು ಮೊದಲು ಶೇಖರನಿಗೆ ಬೈದರಂತೆ, ಆಮೇಲೆ ಒಪ್ಪಿದರಂತೆ. ಸ್ಲ್ಯಾಬು ಹಾಕಿ, ನೀರು ಕಟ್ಟಿ ನೆನೆಸಿ, ಅಡಿಯ ಹಲಗೆ ಬಿಚ್ಚುವವರೆಗೆ ನಾನು ಕಿಟಕಿಯಲ್ಲಿ ಕೂತೆ. ಆಮೇಲೆ ಶೇಖರ ಮತ್ತೆ ಬಂದು ದಿನ ಹೇಳಿದ. ಈ ಸಲ ಉಂಟು ಎನ್ನಲಿಲ್ಲ. “ನಾನು ನಡೆದು ನೋಡಿದ್ದೇನೆ,” ಎಂದ.

ನಾನೂ ನಡೆದೆ. ಎರಡು ಕೈಯಲ್ಲಿಯೂ ಕಂಬಿ ಹಿಡಿದು, ನಿಧಾನವಾಗಿ, ದೊಣ್ಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು. ಸಿಸಿಲಿಯಾ ಬಚ್ಚಲಿಗೆ ಹೋಗಿ ನೀರು ಚೆಲ್ಲಿದಳು. ಅಡುಗೆಮನೆಯ ನಳ್ಳಿ ಬಿಟ್ಟಳು. ಶೇಖರ ನನಗೆ ಕೀಲಿಕೈಯ ಗೊಂಚಲು ಕೊಟ್ಟು, ಮೀಟರಿನ ಅಂಕೆ ಬರೆದುಕೊಳ್ಳಲು ಕೆಳಗೆ ಹೋಗುತ್ತ, “ಹೊರಚಿಲಕ, ಬೀಗ ಒಂದು ಬಾಕಿ ಉಂಟು. ಹಾಕಿ ನೋಡಿ,” ಎಂದ.

ನಾನು ಹೊರಗೆ ಬಂದು ಬಾಗಿಲು ಎಳೆದೆ. ಚಿಲಕ ಹಾಕಿದೆ. ಬೀಗ ಹಾಕಿ ತಿರುಗಿಸಿದೆ. ಚಂದದ ಸದ್ದು. ಕೀಲಿಕೈ ಜೇಬಿನಲ್ಲಿ ಇಟ್ಟುಕೊಂಡೆ. ಎರಡು ವರ್ಷದಿಂದ ನಾನು ಯಾವ ಬಾಗಿಲಿಗೂ ಹೊರಗಿನಿಂದ ಬೀಗ ಹಾಕಿರಲಿಲ್ಲ. ಹಾಕಿದ್ದೆಲ್ಲ ಸಿಸಿಲಿಯಾ, ನಾನು ಒಳಗೆ. ಕಂಬಿ ಹಿಡಿದು ರಸ್ತೆಗೆ ಹೋದೆ. ಒಂದು ಬಸ್ಸು ಹೋಯಿತು. ಎದುರಿನಿಂದ ಬಂದವನೊಬ್ಬನ ಮುಖ ನೋಡಿದೆ, ನೆತ್ತಿ ಅಲ್ಲ. ಅವನು ಯಾರೋ ಗೊತ್ತಿಲ್ಲ, ನಮಸ್ಕಾರ ಎಂದೆ. ಅವನೂ ನಮಸ್ಕಾರ ಎಂದ.

ಹಿಂದಿನಿಂದ ಬಾಗಿಲು ಬಡಿಯುವ ಸದ್ದು ಕೇಳಿಸಿತು.

“ಇಗೊಳ್ಳಿ! ಬಾಗಿಲು ತೆಗೆಯಿರಿ! ಎಲ್ಲಿದ್ದೀರಿ ನೀವು?” ಎಂದು ಸಿಸಿಲಿಯಾ ಕನ್ನಡದಲ್ಲಿ ಕೂಗುತ್ತಿದ್ದಳು.

“ಹೊರಗೆ,” ಎಂದೆ ನಾನು.