ಬಸವಣ್ಣೆಮ್ಮನ ಹೆಸರಿನ ಮುಂದೆ ಬಿದ್ದ ‘ಲಿಂ.’

ನನ್ನ ಬಾಯಿ ಜೋರು. ನಿಟ್ಟುವಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಲಗ್ನಪತ್ರಿಕೆ ವಾಣಿಶ್ರೀ ಅಂದರೆ ಸಾಕು, ಮೊದಲು ನಗುತ್ತಾರೆ, ಆಮೇಲೆ ಅಂಗಡಿಗೆ ದಾರಿ ತೋರಿಸುತ್ತಾರೆ. ಇಪ್ಪತ್ತಾರು ವರ್ಷದಿಂದ ಅಕ್ಷರ ಜೋಡಿಸಿ ಕಾರ್ಡು ಅಚ್ಚು ಹಾಕುತ್ತಿದ್ದೇನೆ. ಆ ಜೋರು ಬಾಯಿಗೆ ಹೋದ ತಿಂಗಳು ಬೀಗ ಬಿತ್ತು. ಬೀಳಬೇಕಾಗಿತ್ತು ಬಿಡಿ.

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ವಧೂವರರಿಗಿಂತ ಅಪಾಯದವರು ಹಿರಿಯರು. ತೀರಿಕೊಂಡವರ ಹೆಸರಿನ ಮುಂದೆ ‘ಲಿಂ.’ ಹಾಕಬೇಕು, ಲಿಂಗೈಕ್ಯ ಅಂತ. ಬದುಕಿದ್ದವರಿಗೆ ಅದು ತಪ್ಪಿಯೂ ತಾಕಬಾರದು. ಹಿಂದೆಲ್ಲ ನಾನು ಗಿರಾಕಿಯನ್ನು ಎದುರಿಗೆ ಕೂಡಿಸಿಕೊಂಡು ಪ್ರೂಫ್ ಗಟ್ಟಿಯಾಗಿ ಓದಿ, ಒಂದೊಂದು ಹೆಸರಿಗೂ ‘ಹೂಂ’ ಅನ್ನಿಸುತ್ತಿದ್ದೆ. ವಾಟ್ಸಾಪ್ ಬಂದ ಮೇಲೆ ಅದೆಲ್ಲ ಯಾರಿಗೆ ಬೇಕು? ಫೋಟೊ ಕಳಿಸು, ಓಕೆ ಬಂದರೆ ಮಷಿನ್ನಿಗೆ ಹಾಕು, ಮುಗಿಯಿತು.

ರುದ್ರಮುನಿ ಅಂತ ಒಬ್ಬರು. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ ಹೊಲ ಮನೆ ನೋಡಿಕೊಂಡಿರುವವರು. ಹರಿಹರ ಪೇಟೆಯಲ್ಲಿರುವ ಅಣ್ಣ ಬಕ್ಕೇಶಪ್ಪನವರ ಮಗಳು ನಯನಾಳ ಮದುವೆ, ಕಾರ್ಡಿನ ಜವಾಬ್ದಾರಿ ಈ ಚಿಕ್ಕಪ್ಪನದು. ಈ ಮನುಷ್ಯನಿಗೆ ಒಂದು ವಾಕ್ಯವನ್ನು ಇಡಿಯಾಗಿ ಕಳಿಸುವ ಅಭ್ಯಾಸವೇ ಇಲ್ಲ. ಒಂದು ಪದ ಬರೆಯುವುದು, ಕಳಿಸುವುದು. ಮತ್ತೊಂದು ಪದ, ಮತ್ತೆ ಕಳಿಸುವುದು. ನನ್ನ ಫೋನು ಆವತ್ತು ಒಂದೇ ಸಮನೆ ಟಿಣ್ ಟಿಣ್ ಅಂತ ಪ್ರಾಣ ತಿಂದಿತು. ಬಂದದ್ದು ಹೀಗೆ:

ಇವರ ಮೊಮ್ಮಗಳು

ಶ್ರೀ ಪರಮೇಶ್ವರಪ್ಪ

ಮತ್ತು

ಲಿಂ.

ಶ್ರೀಮತಿ ಬಸವಣ್ಣೆಮ್ಮ

ನಯನಾ

ಎಲ್ಲದರ ಕೆಳಗೂ ಒಂದೇ ಸಮಯ, ಹನ್ನೊಂದು ನಲವತ್ತೆರಡು. ‘ಇವರ ಮೊಮ್ಮಗಳು’ ಅನ್ನೋದು ಮೊದಲೇ ಬಂದಿದೆ ಅಂದಾಗಲೇ ಹಿಂದುಮುಂದಾಗಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಅದೊಂದನ್ನು ಎತ್ತಿ ಕೆಳಗೆ ನಯನಾಳ ಹೆಸರಿನ ಮುಂದೆ ಇಟ್ಟೆ, ಮಿಕ್ಕಿದ್ದು ಓದಲಿಕ್ಕೆ ಸರಿಯಾಗಿಯೇ ಕಂಡಿತು. ಒಂದು ತುಂಡು ದಾರಿ ತಪ್ಪಿದೆ ಅಂದಮೇಲೆ ಇನ್ನೊಂದೂ ತಪ್ಪಿರಬಹುದಲ್ಲ ಎಂದು ನನ್ನ ಜಾಣ ತಲೆಗೆ ಹೊಳೆಯಲಿಲ್ಲ. ಒಂದು ಫೋನು ಮಾಡಿ ‘ಹಿಂಗೇನ್ರಿ?’ ಅಂತ ಕೇಳಿದ್ದರೆ ಅರ್ಧ ನಿಮಿಷದ ಕೆಲಸ.

ಕಾರ್ಡಿನ ನೆತ್ತಿಗೆ ಬಸವಣ್ಣನ ಚಿತ್ರ ಹಾಕಲಾ ಅಂತ ಕೇಳಿದೆ. ‘ಹಾಕ್ರಿ’ ಅಂತ ಬಂತು. ಪ್ರೂಫಿನ ಫೋಟೊ ಕಳಿಸಿದೆ. ಅದರ ಕೆಳಗೆ ‘ಸರಿ ಐತೆ’ ಅಂತ ಬಂತು. ಇನ್ನೇನು ಬೇಕು? ಆರುನೂರು ಕಾರ್ಡು ಅಚ್ಚಾಗಿ ಕಟ್ಟಾಗಿ ಹರಿಹರದ ಬಸ್ಸು ಹತ್ತಿದವು.

ಮೊದಲ ಕಾರ್ಡನ್ನು ದೇವರ ಮುಂದೆ ಇಟ್ಟು, ಎರಡನೆಯದನ್ನು ಮನೆಯ ಹಿರಿಯರ ಕೈಗೆ ಕೊಟ್ಟು ಓದಿ ಹೇಳುವುದು ಅವರ ಮನೆಯ ಪದ್ಧತಿ. ಹಿರಿಯರು ಅಂದರೆ ಬಸವಣ್ಣೆಮ್ಮನೇ, ಬಕ್ಕೇಶಪ್ಪ ರುದ್ರಮುನಿಯರ ತಾಯಿ, ಎಂಬತ್ತರ ಹತ್ತಿರದ ಮುದುಕಿ. ಗಂಡ ಪರಮೇಶ್ವರಪ್ಪ ತೀರಿಕೊಂಡು ಒಂಬತ್ತು ವರ್ಷ. ಮದುಮಗಳೇ ಅಜ್ಜಿಯ ಪಕ್ಕ ಕೂತು ಓದಿದ್ದಾಳೆ. ಶ್ರೀ ಪರಮೇಶ್ವರಪ್ಪ ಮತ್ತು ಲಿಂಗೈಕ್ಯ ಶ್ರೀಮತಿ... ಅಲ್ಲಿಗೆ ಹುಡುಗಿಯ ದನಿ ನಿಂತಿದೆ.

ಬಕ್ಕೇಶಪ್ಪ ಫೋನು ಮಾಡಿದಾಗ ಬೆಂಕಿಯಾಗಿದ್ದರು.

“ಏನ್ ಮಾಡೀರಿ ನೀವು? ಕಣ್ಣು ಎಲ್ಲಿಟ್ಟಿದ್ರಿ? ಬದುಕಿರೋ ನಮ್ಮವ್ವನ್ನ ಸಾಯಿಸಿಬಿಟ್ಟಿರಲ್ರಿ!”

ನಾನು ಬಿಡುತ್ತೇನೆಯೇ? “ನನ್ನ ಮ್ಯಾಲೆ ಕೂಗಬ್ಯಾಡ್ರಿ. ನಿಮ್ಮ ತಮ್ಮ ಹೆಂಗ ಕಳಿಸಿದ್ರೋ ಹಂಗ ಹಾಕೀನಿ. ಪ್ರೂಫ್‌ಗೆ ಸರಿ ಐತೆ ಅಂತ ಅವರೇ ಅಂದಾರ. ಬೇಕಾದ್ರ ನೋಡ್ರಿ!” ಅಂತ ಚಾಟಿನ ಸ್ಕ್ರೀನ್‌ಶಾಟ್ ತೆಗೆದು ಅವರಿಗೆ ದಬ್ಬಿದೆ. ಅವರು ಅದನ್ನು ತೆರೆದು ನೋಡಿದರು. “ರುದ್ರನೇ ಹಿಂಗ ಬರದಾನಾ?” ಅಂದರು, ಇಟ್ಟರು. ಗೆದ್ದೆ ಅಂತ ಒಂದು ಲೋಟ ಚಹಾ ತರಿಸಿಕೊಂಡು ಕುಡಿದೆ. ಆ ಚಹಾ ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಮರುದಿನ ಬೆಳಿಗ್ಗೆ ರುದ್ರಮುನಿ ಅಂಗಡಿಗೆ ಬಂದರು. ನಲವತ್ತರ ಆಸುಪಾಸು, ಬಿಳಿ ಅಂಗಿ, ಕಣ್ಣು ಕೆಂಪು. ಜಗಳಕ್ಕೆ ಬಂದಿದ್ದಾರೆ ಅಂತ ನಾನು ಸೆರಗು ಸಿಕ್ಕಿಸಿ ತಯಾರಾದೆ.

“ತಪ್ಪು ನಂದೇ ಅಕ್ಕಾರೆ,” ಅಂದರು. “ನಿಮ್ಮ ಸ್ಕ್ರೀನ್‌ಶಾಟ್ ಅಣ್ಣ ತೋರಿಸಿದ. ಯಾವ ಗ್ಯಾನದಾಗೆ ಬರದ್ನೋ ಏನೋ. ಹೊಸ ಕಾರ್ಡು ಹಾಕಿಕೊಡ್ರಿ. ಅವ್ವ ನನ್ನ ಕೂಡ ಮಾತು ಬಿಟ್ಟಾಳ. ಮದುವಿಗೆ ಬರಬ್ಯಾಡ ಅಂದಾಳ.”

“ಕೂಡ್ರಿ. ಈ ಸಲ ನಿಮ್ಮ ಫೋನು ಇಲ್ಲಿಡ್ರಿ, ನೋಡಿಕೊಂಡೇ ಹೊಡಿತೀನಿ,” ಅಂದೆ, ಇನ್ನೂ ಗತ್ತಿನಲ್ಲೇ. ಅವರು ನಮ್ಮಿಬ್ಬರ ಚಾಟು ತೆಗೆದು ಫೋನನ್ನು ನನ್ನ ಫೋನಿನ ಪಕ್ಕದಲ್ಲೇ ಇಟ್ಟರು.

ಅವರ ಫೋನಿನಲ್ಲಿ ಇದ್ದದ್ದು ಹೀಗೆ:

ನಯನಾ

ಲಿಂ.

ಶ್ರೀ ಪರಮೇಶ್ವರಪ್ಪ

ಮತ್ತು

ಶ್ರೀಮತಿ ಬಸವಣ್ಣೆಮ್ಮ

ಇವರ ಮೊಮ್ಮಗಳು

ಎರಡೂ ಫೋನುಗಳನ್ನು ಇನ್ನೊಮ್ಮೆ ಅಕ್ಕಪಕ್ಕ ಹಿಡಿದು ನೋಡಿದೆ. “ಇದನ್ನ ಎಲ್ಲಿ ಕೂತು ಕಳಿಸಿದ್ರಿ?” ಅಂತ ಕೇಳಿದೆ.

“ಹೊಲದಾಗ. ಅಲ್ಲಿ ಸಿಗ್ನಲ್ ಬರ್ತೈತೆ, ಹೋಗ್ತೈತೆ. ಮೆಸೇಜು ಗಡಿಯಾರದ ಗುರುತು ತೋರಿಸ್ಕೋತ ನಿಂತಿದ್ವು. ನೀರಿನ ಚಾನಲ್ಲಿನ ಏರಿ ಮ್ಯಾಲೆ ಹೋದಾಗ ಒಂದೊಂದೇ ಹೋದ್ವು.”

ಇಷ್ಟೇ. ಬರೆದವರ ಫೋನಿನಲ್ಲಿ ಬರೆದ ಕ್ರಮ ಉಳಿದಿದೆ. ಸಿಗ್ನಲ್ ಇಲ್ಲದೆ ಕಾದು ನಿಂತವು ಅಡ್ಡಾದಿಡ್ಡಿ ಹೊರಟು ನನ್ನ ಫೋನಿಗೆ ತಲುಪಿದ ಕ್ರಮದಲ್ಲಿ ಕೂತಿವೆ. ಇನ್ನೂ ಕೆಳಗೆ ನೋಡಿದೆ. ಅವರ ‘ಸರಿ ಐತೆ’ ಇದ್ದದ್ದು ಬಸವಣ್ಣನ ಚಿತ್ರದ ನನ್ನ ಪ್ರಶ್ನೆಯ ಕೆಳಗೆ, ‘ಹಾಕ್ರಿ’ಯ ಬೆನ್ನಿಗೇ, ಪ್ರೂಫಿಗಿಂತ ಮೇಲೆ. ಪ್ರೂಫಿನ ಫೋಟೊ ಮಸುಕಾಗಿ, ಡೌನ್‌ಲೋಡಿನ ಬಾಣದ ಗುರುತು ಹೊತ್ತು ಹಾಗೇ ಇತ್ತು. ಆ ಮನುಷ್ಯ ಅದನ್ನು ತೆರೆದೇ ಇರಲಿಲ್ಲ. ನಾನು ಬೇರೆ ಯಾವುದೋ ಮಾತಿನ ಒಪ್ಪಿಗೆಯನ್ನು ಪ್ರೂಫಿಗೆ ಅಂಟಿಸಿಕೊಂಡಿದ್ದೆ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದರೆ ಊರು ಕೇಳುವಂತೆ ಮಾತಾಡುವವಳು ನಾನು, ಆವತ್ತು ತುಟಿ ಬಿಚ್ಚಲಿಲ್ಲ. ನಿನ್ನೆ ಅಷ್ಟು ಕೂಗಾಡಿ ಇವತ್ತು ಯಾವ ಮುಖ ಇಟ್ಟುಕೊಂಡು ಹೇಳಲಿ ಅಂತ ಸುಮ್ಮನೆ ಅಕ್ಷರ ಜೋಡಿಸಿದೆ. ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿ, “ಇವರ ಹೆಸರಿನ ಮುಂದ ಲಿಂ. ಬೇಕು, ಹೌದಲ್ರಿ? ಇವರಿಗೆ ಬ್ಯಾಡ, ಹೌದಲ್ರಿ?” ಅಂತ ಕೇಳಿದೆ. ಪ್ರತಿಯೊಂದಕ್ಕೂ “ಹೂನ್ರಿ” ಅಂದರು. ಎದ್ದು, “ಕಾರ್ಡು ಸೀದಾ ಅಣ್ಣನ ಮನಿಗೇ ಕಳಿಸ್ರಿ, ನಾ ಆ ಕಡೆ ಹೋಗಂಗಿಲ್ಲ” ಅಂದು ಕೈಮುಗಿದು ಹೋದರು. ನನಗೆ ಕೈಮುಗಿದರು!

ತಾಯಿ ಮಗನ ನಡುವೆ ನಾನು ಇಟ್ಟ ಕೊಳ್ಳಿ ಅದು, ನಾನೇ ಆರಿಸಬೇಕಿತ್ತು. ಮರುದಿನ ಮಧ್ಯಾಹ್ನ ಹೊಸ ಕಾರ್ಡಿನ ಕಟ್ಟನ್ನು ಬಸ್ಸಿಗೆ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡು ನಾನೇ ಹರಿಹರಕ್ಕೆ ಹೋದೆ.

ಪಡಸಾಲೆಯಲ್ಲಿ ಬಸವಣ್ಣೆಮ್ಮ ಗೋಡೆಗೆ ಒರಗಿ ಕೂತಿದ್ದರು. ಬಕ್ಕೇಶಪ್ಪ ಬಾಗಿಲ ಹತ್ತಿರ ನಿಂತರು, ಕೂಡ್ರಿ ಅನ್ನಲಿಲ್ಲ. ನಾನು ನೆಲದ ಮೇಲೆ ಕೂತು ಹೇಳಿದೆ. ಬಂದ ಕ್ರಮ ಬೇರೆ, ಬರೆದ ಕ್ರಮ ಬೇರೆ, ಕೇಳಿ ಗಟ್ಟಿ ಮಾಡಿಕೊಳ್ಳದೆ ಹಾಕಿದವಳು ನಾನು, ನಿಮ್ಮ ಮಗ ಸರಿಯಾಗಿಯೇ ಬರೆದಿದ್ದ.

ಮುದುಕಿ ನನ್ನ ಕಡೆ ಬಾಗಿದರು. “ನಿನಗ ಇದು ಯಾವಾಗ ತಿಳೀತವ್ವ?”

“ನಿನ್ನೆ ಅವರು ಹ್ವಾದ ಮ್ಯಾಲೆ ನೋಡ್ಕೊಂಡೆ ಅಮ್ಮಾರೆ.”

ನೋಡಿ, ತಪ್ಪೊಪ್ಪಿಕೊಳ್ಳಲಿಕ್ಕೆ ಹೋದವಳು ಅಲ್ಲೂ ಒಂದು ಸುಳ್ಳು ಸೇರಿಸಿದೆ. ಅಷ್ಟೊಂದು ಮರ್ಯಾದೆಯ ಭಯ ನನಗೆ ಎಲ್ಲಿಂದ ಅಂಟಿತ್ತೋ.

“ಹೆತ್ತಾಕಿ ನಾನು. ನಾನೂ ಅವನ್ನ ಒಂದ್ ಮಾತು ಕೇಳಲಿಲ್ಲ,” ಅಂತ ಮುದುಕಿ ಕಣ್ಣೊರೆಸಿಕೊಂಡರು. “ಫೋನ್ ಹಚ್ಚವ್ವ, ನನ್ನ ಮಗನ್ನ ಕರಿ.”

ಫೋನು ಹೋಗಲಿಲ್ಲ. ಮೆಸೇಜು ಬರೆದೆ: ತಪ್ಪು ನಂದು ಅಂತ ನಿಮ್ಮ ತಾಯಿಯವರ ಮುಂದೆ ಹೇಳಿದೀನಿ, ನಿಮ್ಮನ್ನ ಕರೀತಿದಾರೆ, ಬರ್ರಿ. ಹತ್ತು ನಿಮಿಷವಾದ ಮೇಲೆ ಟಿಣ್ ಟಿಣ್ ಶುರುವಾಯಿತು.

ಬರ್ತೀನಿ

ನೋಡಿದ್ದೆ

ಅವ್ವಗೆ ಹೇಳ್ರಿ

ನೀವೇ ಹೇಳ್ತೀರಿ

ನಾನೂ ಅಂಗಡ್ಯಾಗೇ

ಅಂತ ಸುಮ್ಮನಿದ್ದೆ

ಎರಡೂ ಫೋನು

“ಏನಂತ ಬರದಾನ? ಓದು,” ಅಂದರು ಬಸವಣ್ಣೆಮ್ಮ.

ತುಂಡುಗಳು ಮನಸ್ಸಿನಲ್ಲಿ ತಾವಾಗಿಯೇ ಜೋಡಿಕೊಂಡವು. ‘ನಾನೂ’ ಅಂದರೆ, ಅಂಗಡಿಯಲ್ಲೇ ನಾನು ನೋಡಿದ್ದನ್ನೂ ಅವರು ಕಂಡಿದ್ದರು. ‘ಅವ್ವಗೆ ಹೇಳ್ರಿ, ಬರ್ತೀನಿ’ ಅಂತ ಅಷ್ಟೇ ಓದಬಹುದಿತ್ತು. ಅಜ್ಜಿಗೆ ಅಷ್ಟೇ ಸಾಕಿತ್ತು, ಬಕ್ಕೇಶಪ್ಪನವರಿಗೂ ಸಾಕಿತ್ತು. ಮಿಕ್ಕ ತುಂಡುಗಳು ನನ್ನ ಅಂಗೈಯಲ್ಲೇ ಉಳಿಯುತ್ತಿದ್ದವು. ಆದರೆ ನನಗೆ ತೋಚಿದ್ದನ್ನು ಇಟ್ಟುಕೊಂಡು ತೋಚದ್ದನ್ನು ಬಿಟ್ಟಿದ್ದಕ್ಕೇ ತಾನೇ ಇಷ್ಟೆಲ್ಲ ಆದದ್ದು. ಇನ್ನೊಮ್ಮೆ ಫೋನು ಹಚ್ಚಿದೆ. ಈ ಸಲ ಹೋಯಿತು. ಎಲ್ಲರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ.

“ರುದ್ರಮುನಿಯವರೇ, ನಿಮ್ಮ ಮೆಸೇಜು ಹಿಂದುಮುಂದಾಗಿ ಬಂದಾವ. ಕ್ರಮವಾಗಿ ಓದ್ತೀನಿ, ಸರಿನಾ ಹೇಳ್ರಿ,” ಅಂದೆ. “ನಾನೂ ಅಂಗಡ್ಯಾಗೇ ಎರಡೂ ಫೋನು ನೋಡಿದ್ದೆ. ನೀವೇ ಹೇಳ್ತೀರಿ ಅಂತ ಸುಮ್ಮನಿದ್ದೆ. ಅವ್ವಗೆ ಹೇಳ್ರಿ, ಬರ್ತೀನಿ. ಹಿಂಗೇನ್ರಿ?”

ಬಸವಣ್ಣೆಮ್ಮ ನನ್ನ ಕಡೆ ತಿರುಗಿದರು. ಅವರ ಕಣ್ಣಿಗೆ ಕಣ್ಣು ಕೊಡಲು ನನ್ನಿಂದ ಆಗಲಿಲ್ಲ, ಫೋನನ್ನೇ ನೋಡುತ್ತಾ ಕೂತೆ. ಆ ಕಡೆ ಗಾಳಿಯ ಸದ್ದು ಕೇಳಿಸುತ್ತಿತ್ತು, ಚಾನಲ್ ಏರಿ ಮೇಲೆ ನಿಂತಿದ್ದರು ಅಂತ ಕಾಣುತ್ತದೆ.

“ಹೂನ್ರಿ ಅಕ್ಕಾರೆ,” ಅಂದರು ರುದ್ರಮುನಿ ಮೆಲ್ಲಗೆ. “ಹಂಗೇ ಬರದಿದ್ದೆ.”