ಕಸದ ಫೋಲ್ಡರು

ಐಮಂಗಲದ ಓಬಳೇಶಪ್ಪನಷ್ಟು ಫೋನು ಬಲ್ಲವನು ಹಿರಿಯೂರು ತಾಲ್ಲೂಕಿನಲ್ಲಿ ಹುಟ್ಟಿರಲಿಲ್ಲ, ಹುಟ್ಟುವ ಸೂಚನೆಯೂ ಇರಲಿಲ್ಲ. ಇದು ಅವನದೇ ಲೆಕ್ಕ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಆ ಹೆಬ್ಬೆಟ್ಟು ಈಗ ಪರದೆಯ ಮೇಲೆ ಓಡಿದರೆ ಹೆದ್ದಾರಿಯ ಲಾರಿಗಳೂ ದಾರಿ ಬಿಡಬೇಕು.

ಒಂದು ವಿದ್ಯೆ ಮಾತ್ರ ಅವನಿಗೆ ಒಲಿದಿರಲಿಲ್ಲ. ಇನ್ನೊಬ್ಬರ ಫೋನಿನಲ್ಲಿ ಒಳ್ಳೆಯ ಜೋಕೋ ಸುಪ್ರಭಾತದ ಗುಲಾಬಿಯೋ ಕಂಡರೆ ಕಳಿಸಿ ಎನ್ನುವುದು ಅವನ ಜಾಯಮಾನಕ್ಕೆ ಒಗ್ಗದು. ಆ ಫೋನನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ತನ್ನ ಫೋನಿನಿಂದ ಫ್ಲ್ಯಾಶ್ ಹಾಕಿ ಫೋಟೊ ಹೊಡೆಯುತ್ತಿದ್ದ. ಬೀರೇಶನ ಕ್ಷೌರದಂಗಡಿಯಲ್ಲಿ ಕೂತವರ ಫೋನಿನಲ್ಲಿದ್ದದ್ದೆಲ್ಲ ಹೀಗೆ ಅವನ ಜೇಬು ಸೇರಿತ್ತು.

ಒಬ್ಬಳೇ ಮಗಳು ತೇಜಸ್ವಿನಿ ಚಿತ್ರದುರ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು. ಅಪ್ಪ ತಾನಾಗಿ ಅವಳ ಫೋಟೊ ತೆಗೆದದ್ದೇ ಇಲ್ಲ; ದಿನಕ್ಕೆ ನಾಲ್ಕು ವಾಟ್ಸಾಪಿನಲ್ಲಿ ಅವಳಿಂದಲೇ ಬರುತ್ತಿದ್ದವು: ಬಿಳಿ ಕೋಟು, ಹಾಸ್ಟೆಲಿನ ಸುಟ್ಟ ಚಪಾತಿ, ಕೋಟೆ ಹತ್ತಿ ಏದುಸಿರು ಬಿಡುವ ಮುಖ. ಆಷಾಢದಲ್ಲಿ ಡೆಂಗಿ ಬಂದು ಎಂಟೇ ದಿನಕ್ಕೆ ಹೋದಳು. ಅವಳ ಫೋನಿನ ಬೀಗ ಗೊತ್ತಿದ್ದದ್ದು ಅವಳ ಬೆರಳಿಗೆ, ಬೆರಳು ಮಣ್ಣಾಗಿತ್ತು.

ಎರಡು ತಿಂಗಳಾದ ಮೇಲೆ ಓಬಳೇಶಪ್ಪನ ಫೋನು, ಆನ್‌ಲೈನ್ ಬ್ಯಾಕಪ್ಪಿನ ಹದಿನೈದು ಜಿಬಿಯ ಜಾಗ ತುಂಬುತ್ತಾ ಬಂತು ಎಂದು ಎಚ್ಚರಿಸಿತು. ಹೆಂಡತಿ ಅನುಸೂಯ ಹಠ ಹಿಡಿದು ಅವನನ್ನು ಹಿರಿಯೂರಿನ ರೌಫನ ಮೊಬೈಲ್ ಅಂಗಡಿಗೆ ಎಳೆದುಕೊಂಡು ಹೋದಳು.

"ನನ್ ಮಗಳ ಫೋಟೊ ಒಂದೂ ಹೋಗ್ಬಾರ್ದಪ್ಪ," ಎಂದಳು.

ರೌಫ್ ಬ್ಯಾಕಪ್ಪಿನ ಫೋಲ್ಡರುಗಳ ಪಟ್ಟಿ ತೆರೆದ. "ಓಬಳೇಶಣ್ಣ, ಕ್ಯಾಮೆರಾ ಒಂದೇ ಮೇಲಕ್ಕೆ ಹೋಗ್ತಾ ಐತೆ. ವಾಟ್ಸಾಪ್, ಸ್ಕ್ರೀನ್‌ಶಾಟು, ಡೌನ್‌ಲೋಡು ಎಲ್ಲಾ ಆಫ್ ಅವೆ. ವಾಟ್ಸಾಪಿಂದು ಆನ್ ಮಾಡ್ಲಾ?"

"ಮುಟ್ಬ್ಯಾಡ ಅದನ್ನ. ಅದು ಕಸದ ಫೋಲ್ಡರು. ಊರ ಗುಲಾಬಿಯೆಲ್ಲ ಬಂದು ಕುಂತ್ಕತಾವೆ."

"ಅದ್ರಾಗೇ ತೇಜು ಅವ್ಳೆ ಕಣ್ರಿ," ಎಂದಳು ಅನುಸೂಯ.

"ಲೇ, ಗ್ಯಾಲರಿ ತೆಗೆದ್ರೆ ಅವ್ಳ ಮುಖ ಕಾಣ್ತತೋ ಇಲ್ವೋ? ಕಾಣ್ತತೆ. ಅಂದ್ಮೇಲೆ ಕ್ಯಾಮೆರಾದಾಗೇ ಐತೆ. ಏಳನೇ ಕ್ಲಾಸು ಓದಿದೋಳು ನಂಗೆ ಹೇಳ್ತೀಯ?"

ರೌಫ್ ಕೆಮ್ಮಿದ. "ಗ್ಯಾಲರಿ ಎಲ್ಲಾ ಫೋಲ್ಡರಿಂದೂ ತೋರ್ಸುತ್ತೆ ಅಣ್ಣ. ಫೋನಾಗೆ ಇರೋದು ಬೇರೆ, ಮೇಲಕ್ಕೆ ಹೋಗಿರೋದು ಬೇರೆ. ಬ್ಯಾಡಂದ್ರೆ ಫೋಲ್ಡರು ಆಫೇ ಇರ್ಲಿ, ಮಗಳ ಫೋಟೊ ಮಾತ್ರ ಆರಿಸಿ ಕಳಿಸ್ತೀನಿ. ಅರ್ಧ ಗಂಟೆ. ಕುಂತ್ಕಳ್ರಿ, ಚಾ ತರ್ಸ್ತೀನಿ."

ಅನುಸೂಯ ಕುಳಿತೇಬಿಟ್ಟಳು. ಓಬಳೇಶಪ್ಪನಿಗೆ ಮಾತ್ರ, ಅಂಗಡಿಯಲ್ಲಿದ್ದ ಮೂರು ಗಿರಾಕಿಗಳು ಮೂರು ಸಾವಿರದಂತೆ ಕಂಡರು. ಫೋನು ಕಿತ್ತುಕೊಂಡ. "ನಂಗೇ ಪಾಠ ಹೇಳ್ತೀಯೇನಪ್ಪ? ನಡಿಯೇ, ಹೋಗಾಣ."

ಬಸ್ಸಿನ ತುಂಬ ಅವನೇ ಮಾತಾಡಿದ.

ಮುಂದಿನ ವಾರ ಮಾಡದಕೆರೆಯ ನೆಂಟರ ತೋಟ. ಬಾವಿಯ ಕಟ್ಟೆ ಮೇಲೆ ಕೂತು ನೆಂಟ ಎರ್ರಿಸ್ವಾಮಿಯ ಫೋನಿನ ಜೋಕೊಂದಕ್ಕೆ ಫ್ಲ್ಯಾಶ್ ಹೊಡೆದ. ಬಲಗೈ ಬೆವೆತಿತ್ತು. ಫೋನು ಮೂರು ಆಳು ನೀರಿಗೆ ಬಿತ್ತು, ತಳದ ಕೆಸರಿನಲ್ಲಿ ಹೂತು ಹೋಯಿತು. ಎರಡು ದಿನ ಹಗ್ಗಕ್ಕೆ ಕಟ್ಟಿದ ಕೊಕ್ಕೆಗಳ ಪಾತಾಳಗರಡಿ ಆಡಿಸಿದರೂ ಮೇಲೆ ಬಂದದ್ದು ಒಂದು ಹಳೇ ಕೊಡ.

"ಹೋದ್ರೆ ಹೋಯ್ತು ಡಬ್ಬ," ಎಂದ ಓಬಳೇಶಪ್ಪ, "ಎಲ್ಲಾ ಮೇಲೈತೆ."

ಹೊಸ ಫೋನಿಗೆ ರೌಫ್ ಅವನ ಅದೇ ಖಾತೆ ಹಾಕಿದ. ಅನುಸೂಯ ಕೌಂಟರಿಗೆ ಎದೆ ಒತ್ತಿ ನಿಂತಳು. ಫೋಟೊಗಳು ಇಳಿಯತೊಡಗಿದವು. ನಾಲ್ಕು ಸಾವಿರ. ಒಂದೂ ತಪ್ಪಿಸಿಕೊಂಡಿರಲಿಲ್ಲ: ಗುಲಾಬಿ, ಗಿಳಿ, ಗಂಡ ಹೆಂಡತಿ ಜೋಕು, ಎಲ್ಲದರ ಅಂಚಿನಲ್ಲೂ ಓಬಳೇಶಪ್ಪನ ಎಡ ಹೆಬ್ಬೆಟ್ಟು. ಕಸವೆಲ್ಲ ಕ್ಯಾಮೆರಾದಲ್ಲಿ ಭದ್ರವಾಗಿ ಮೇಲೆ ಹೋಗಿತ್ತು, ಮಗಳು ಬಾವಿಯಲ್ಲಿದ್ದಳು.

"ವಾಟ್ಸಾಪಿನೋರ ಹತ್ರ ಇರಲ್ವಾ?" ಅನುಸೂಯ ಕೇಳಿದಳು.

"ಅವ್ರು ಇಟ್ಕಳಲ್ಲಮ್ಮ. ಚಾಟ್ ಬ್ಯಾಕಪ್ಪೂ ಅಣ್ಣ ಆಫ್ ಮಾಡ್ಸಿದ್ರು, ಜಾಗ ತಿಂತತೆ ಅಂತ."

ಓಬಳೇಶಪ್ಪ ಬೆರಳು ಓಡಿಸುತ್ತಲೇ ಇದ್ದ. ಕೊನೆಗೂ ಒಂದು ಸಿಕ್ಕಿತು. ಮಣ್ಣು ಮಾಡಿದ ಮರುದಿನ ಬೀರೇಶನ ಫೋನಿನಲ್ಲಿ ಯಾರೋ ಹಾಕಿದ್ದ ಶ್ರದ್ಧಾಂಜಲಿಯ ಕಾರ್ಡು, ಅದನ್ನೂ ಅವನು ಅಭ್ಯಾಸಬಲದಿಂದ ಹೊಡೆದುಕೊಂಡಿದ್ದ. ಮಲ್ಲಿಗೆಯ ಹಾರ ಇತ್ತು, ಹೆಸರಿತ್ತು. ಮುಖವಿರಬೇಕಾದಲ್ಲಿ ಫ್ಲ್ಯಾಶಿನ ಬಿಳಿ ಗೋಳ.

"ನೋಡು, ಇದಾದ್ರೂ ಉಳೀತಲ್ಲ," ಎಂದ, ಸಣ್ಣ ದನಿಯಲ್ಲಿ.

ಅನುಸೂಯ ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿದಳು, ಬಹಳ ಹೊತ್ತು ನೋಡಿದಳು, ಫೋನನ್ನು ಅವನ ಕೈಗೆ ಕೊಟ್ಟಳು.

"ಹೂಂ. ನಿಮ್ ಹೆಬ್ಬೆಟ್ಟು ಚೆನ್ನಾಗಿ ಬಂದೈತೆ."